ಬೋರ್ಡಿನ ಮೇಲಿನ ‘ಲಾ’

ಜಿಮ್ಮಿನ ಹೊಸ ಬೋರ್ಡಿನ ಕರಡಿನಲ್ಲಿ ‘ಕ್ಲಾ’ದ ಒತ್ತಕ್ಷರ ಕೆಳಗಿನ ಹಸಿರು ಪಟ್ಟಿಯೊಳಕ್ಕೆ ಎರಡು ಮಿಲಿಮೀಟರ್ ಇಳಿದಿತ್ತು. ಅದನ್ನು ಸರಿಪಡಿಸಿ ಇನ್ನೊಂದು ಪ್ರತಿ ತೆಗೆದುಕೊಂಡು ಜಿಮ್ಮಿಗೆ ಹೋದೆ. ಹಳದಿ ಬಣ್ಣದ ಮೇಲೆ ಒಂದೇ ಮಾತು: ‘ಯಾಕ್ಲಾ ಬರ್ನಿಲ್ಲ?’

ಕೊಳ್ಳೇಗಾಲದ ನಮ್ಮ ಬೀದಿಯ ಆ ಜಿಮ್ಮಿನಲ್ಲಿ ನಾನು ಬೆಳಗ್ಗೆ ಹತ್ತರ ಹೆಂಗಸರ ಬ್ಯಾಚಿಗೆ ಸೇರಿದ್ದೆ. ಲೋಗೊ, ಪೋಸ್ಟರ್ ಮಾಡುವುದು ನನ್ನ ಕೆಲಸ. ಬಸ್ ಸ್ಟ್ಯಾಂಡಿನ ಬಳಿ ದೊಡ್ಡ ಕಂಪನಿಯೊಂದರ ಜಿಮ್ ಸೋಮವಾರ ತೆರೆಯುವುದಿತ್ತು. ನಮ್ಮ ಮಾಲೀಕರು ಬೋರ್ಡಿಗೆಂದು ತೋಳುಬ್ಬಿಸಿದ ವಿದೇಶಿಯೊಬ್ಬನ ಫೋಟೊ ಕಳಿಸಿದ್ದರು. ಮೆಷಿನ್ನು, ಮೈಕಟ್ಟು ತೋರಿಸಿದರೆ ಆ ಕಂಪನಿಯೆದುರು ನಾವು ನಿಲ್ಲುವುದಿಲ್ಲ ಎಂದಿದ್ದೆ. ‘ಯಾಕ್ಲಾ ಬರ್ನಿಲ್ಲ?’ ಎಂಬುದು ಬೆಳಗಿನ ಆರರ ಬ್ಯಾಚಿಗೆ ಬಾರದವರಿಗೆಲ್ಲ ಮಾಲೀಕರು ಏಳು ಗಂಟೆಗೇ ಫೋನ್ ಮಾಡಿ ಕೇಳುತ್ತಿದ್ದ ಮಾತು. ಬೋರ್ಡು, ಟೀ ಶರ್ಟು, ವಾಟ್ಸಾಪ್ ಗುಂಪು, ಎಲ್ಲೆಡೆ ಅದೇ ಮಾತು, ಅದೇ ಹಳದಿ ಇರಲಿ ಎಂದು ನಾನೇ ಒಪ್ಪಿಸಿದ್ದೆ.

“ಬೈದಂಗೈತೆ ಕಣವ್ವ, ಆದ್ರೂ ನಮ್ದೇ ಮಾತು,” ಎಂದು ಮಾಲೀಕರು ನಕ್ಕರು.

ಕುಂತೂರಿನಿಂದ ಬಸ್ಸಿನಲ್ಲಿ ಬರುವ ಅಕ್ಕ ನಗಲಿಲ್ಲ. ನಮ್ಮ ಬ್ಯಾಚಿನಲ್ಲಿ ಅವರೇ ಹಿರಿಯರು. ಅವರು ಎತ್ತ ಹೋದರೆ ಉಳಿದವರೂ ಅತ್ತಲೇ. ಈ ಬ್ಯಾಚ್ ಹೋದರೆ ಜಿಮ್ ಮುಚ್ಚಬೇಕಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

“ಲಾ ಅಂದ್ರೆ ಗಂಡುಡುಗ್ರಿಗೆ. ನಮ್ಗೆಲ್ಲೈತೆ ಇದ್ರಲ್ಲಿ?” ಎಂದರು. “ಕಾಲುಳ್ಕಿ ಒಂದತ್ತು ದಿನ ಮನೇಲಿದ್ದೆ. ಒಂದ್ ಪೋನ್ ಮಾಡುದ್ರಾ ಸಾ ನೀವು?”

“ಎಣ್ಮಕ್ಳ ಮನೆಗೆ ನಾನೆಂಗಕ್ಕ ಮಾಡಾದು? ಯಜಮಾನ್ರು ಎತ್ತುದ್ರೆ ಏನಂತ ಏಳ್ಲಿ?”

“ಆ ಒಸ ಜಿಮ್ನಲ್ಲೂ ಯಾರೂ ಕೇಳಾಕಿಲ್ಲ. ಅಲ್ಲಿ ಏಸಿಯಾದ್ರೂ ಐತೆ.”

ಸಂಜೆಯೊಳಗೆ ಫೈಲು ಪ್ರಿಂಟಿಗೆ ಹೋಗಬೇಕಿತ್ತು. ನಾನು ಪೆನ್ನು ತೆಗೆದು ‘ಲಾ’ ಹೊಡೆದುಹಾಕಿದೆ. ‘ಯಾಕ್ ಬರ್ನಿಲ್ಲ?’ ಉಳಿಯಿತು. ಅದು ಯಾರಿಗಾದರೂ ಸಲ್ಲುತ್ತದೆ ಎಂದೆ.

ಅಕ್ಕ ಹಾಳೆಯನ್ನೂ ನನ್ನನ್ನೂ ನೋಡಿದರು. “ಅಕ್ಸರ ತೆಗುದ್ರೆ ಪೋನ್ ಬಂದ್ಬುಟ್ಟದಾ, ತಾಯಿ?” ಎಂದು ಬ್ಯಾಗು ಎತ್ತಿಕೊಂಡು ಹೊರಟರು. ಇಬ್ಬರು ಅವರ ಹಿಂದೆಯೇ ಎದ್ದರು.

ನಾನೂ ಒಮ್ಮೆ ಒಂದು ವಾರ ಬಂದಿರಲಿಲ್ಲ. ಯಾರೂ ವಿಚಾರಿಸಲಿಲ್ಲವೆಂದು ನನಗೆ ಸಮಾಧಾನವೇ ಆಗಿತ್ತು. ನನಗೆ ಹಿತವೆನಿಸಿದ್ದು ಅವರಿಗೂ ಹಿತ ಎಂದುಕೊಂಡು, ಹೆಂಗಸರಿಗೆ ಬಾರದ ಫೋನನ್ನು ಬರುತ್ತದೆಂಬಂತೆ ಬೋರ್ಡಿನ ಮೇಲೆ ಬರೆಯಹೊರಟಿದ್ದೆ. ಫೈಲು ಕಳಿಸಲಿಲ್ಲ. ಒಂದು ದಿನ ತಡೆಯಿರಿ ಎಂದು ಮಾಲೀಕರಿಗೆ ಹೇಳಿದೆ.

ಮರುದಿನ ಬೆಳಗ್ಗೆ ಹತ್ತೂಕಾಲಾದರೂ ಅಕ್ಕ ಬರಲಿಲ್ಲ. ಗುರುತಿಲ್ಲದವರು ಎತ್ತಬಹುದಾದ ಫೋನ್ ಮಾಡುವುದನ್ನು ನಾನು ಇಂದಿಗೂ ಆದಷ್ಟು ತಪ್ಪಿಸುತ್ತೇನೆ. ಆದರೂ ಹಾಜರಿ ಪುಸ್ತಕದಲ್ಲಿ ಅವರ ನಂಬರು ನೋಡಿ ಒತ್ತಿದೆ. ಗಂಡಸಿನ ದನಿ, “ಯಾರು?” ಎಂದಿತು. ಜಿಮ್ಮಿನಿಂದ, ಅವರ ಜೊತೆಯವಳು ಎಂದೆ. ಫೋನ್ ಕೈ ಬದಲಾಯಿಸಿದ ಸದ್ದಾಯಿತು.

“ಯಾಕಕ್ಕಾ ಬರ್ನಿಲ್ಲ?” ಎಂದು ಕೇಳಿದೆ.