ಇನ್ನೊಂದು ಕಡೆಯ ಸಂಬಂಧ

ಬಟ್ಟೆ ರಫ್ತಿಗಿದ್ದ ಕೋಟಾ ಮಿತಿ ಹೋದ ಮೇಲಿನ ವರ್ಷಗಳಲ್ಲಿ ತಿರುಪ್ಪೂರಿನಲ್ಲಿ ನಾಲ್ಕು ಹೊಲಿಗೆ ಯಂತ್ರ ಇಟ್ಟವರೆಲ್ಲ ಎಕ್ಸ್‌ಪೋರ್ಟರ್ ಆಗಲು ಹೊರಟಿದ್ದರು. ಒಂದು ಟೀ ಶರ್ಟಿಗೆ ನೂಲಿನಿಂದ ಪ್ಯಾಕಿಂಗ್‌ವರೆಗೆ ಏನು ಬೀಳುತ್ತದೆಂದು ಲೆಕ್ಕ ಹಾಕಿ, ವಿದೇಶದ ಬೈಯರ್‌ಗೆ ಯಾವ ಬೆಲೆ ಹೇಳಬೇಕೆಂದು ಅಂಥವರಿಗೆ ಸಲಹೆ ಕೊಡುವುದು ನನ್ನ ಕಸುಬು. ಕರ್ನಾಟಕದಿಂದ ಬಂದ ಒಂಟಿ ಜೀವ ನಾನು. ಮದುವೆಯಾಗಿರಲಿಲ್ಲ, ಕೈಕೆಳಗೆ ಯಾರೂ ಇರಲಿಲ್ಲ.

ಒಂದು ಭಾನುವಾರ, ನಾನು ಅಕ್ಕ ಎನ್ನುತ್ತಿದ್ದ, ನನ್ನನ್ನು ತಮಿಳಿನ ರೂಢಿಯಂತೆ ತಂಬಿ, ಅಂದರೆ ತಮ್ಮ, ಎನ್ನುತ್ತಿದ್ದ ಪರಿಚಯದವರೊಬ್ಬರು ಕರೆಸಿದರು. ತಲೆಮಾರುಗಳಿಂದ ಅಲ್ಲೇ ನೆಲೆಸಿದ ಕನ್ನಡದ ನೇಕಾರರ ಮನೆ ಅವರದು. ಮಗ್ಗ ಬಿಟ್ಟು ಹೊಲಿಗೆ ಯುನಿಟ್ ಹಾಕಿ, ಬೇರೆ ಕಂಪನಿಗಳಿಗೆ ಕೂಲಿಗೆ ಹೊಲಿದುಕೊಡುತ್ತಾ ಬೇಸತ್ತಿದ್ದರು. ಆ ಊರಲ್ಲಿ ನಾನು ಬಾಯ್ತುಂಬ ಕನ್ನಡ ಮಾತಾಡುತ್ತಿದ್ದದ್ದು ಅವರ ಮನೆಯಲ್ಲಿ ಮಾತ್ರ.

“ತಂಬಿ, ನಮ್ಗೂ ಒಬ್ಬ ಬೈಯರ್ ಸಿಕ್ಕಿದಾನೆ. ನೇರಾ ಆರ್ಡರ್. ಇದು ಬಂದ್ರೆ ಇನ್ನೊಬ್ರ ಬಾಗ್ಲಲ್ಲಿ ನಿಲ್ಲೋದು ತಪ್ಪತ್ತೆ. ಕೊಟೇಶನ್ ನೀವೇ ಹಾಕ್ಕೊಡಬೇಕು,” ಎಂದು ಬೈಯರ್ ಹೆಸರು ಹೇಳಿ ಮಾದರಿಯ ಅಂಗಿ ಮುಂದಿಟ್ಟರು.

ಅದೇ ಬೈಯರ್, ಅದೇ ಅಂಗಿ. ನನ್ನ ಹಳೆಯ ಗಿರಾಕಿಯಾದ ಒಬ್ಬ ಎಕ್ಸ್‌ಪೋರ್ಟರಿಗೆ ಅದರ ಬೆಲೆ ಕಟ್ಟಿಕೊಡುವ ಕೆಲಸ ಆಗಲೇ ನನ್ನ ಕೈಯಲ್ಲಿ ಅರ್ಧ ಮುಗಿದಿತ್ತು.

“ನೂಲು ನಾವು ಎಲ್ಲಿಂದ ತರ್ತೀವಿ ಅಂದ್ರೆ…” ಎಂದು ಅಕ್ಕ ಶುರುಮಾಡಿದರು. ಹೇಳಬೇಡಿ ಅಕ್ಕ ಎಂದು ತಡೆದೆ. ಅವರು ಪೆಚ್ಚಾದರು.

ಇಬ್ಬರ ಬೆಲೆಯೂ ತಿಳಿದವನು ಇಬ್ಬರಿಗೂ ಒಳ್ಳೆಯ ಸಲಹೆ ಕೊಡಲಾರ. ಇಷ್ಟು ನನಗೆ ಗೊತ್ತಿತ್ತು. ಆದರೆ ಕಾರಣ ಹೇಳುವುದು ಹೇಗೆ? ಹಳೆಯವರು ಈ ಆರ್ಡರಿಗೆ ಬೆಲೆ ಹಾಕುತ್ತಿದ್ದಾರೆ ಎನ್ನುವುದೇ ಗುಟ್ಟು. ಅವರ ಒಪ್ಪಿಗೆ ಕೇಳೋಣವೆಂದರೆ ಅಕ್ಕನ ಗುಟ್ಟು ಬಯಲಾಗುತ್ತದೆ. ತಡವರಿಸುತ್ತಾ, “ಅಕ್ಕ, ನನಗೆ ಇನ್ನೊಂದು ಕಡೆ ಸಂಬಂಧ ಇದೆ. ಅದಿರುವಾಗ ಈ ಕೆಲಸ ಒಪ್ಪಿಕೊಳ್ಳೋಕಾಗಲ್ಲ. ಬೇರೆಯವರನ್ನು ನೋಡಿ,” ಎಂದೆ.

ಅಕ್ಕನ ಮುಖ ಅರಳಿತು. “ಗಟ್ಟಿಯಾಗೋಯ್ತಾ? ನಮ್ಗೆ ಒಂದ್ ಮಾತು ಹೇಳ್ಲಿಲ್ಲೆ. ಹುಡುಗಿ ಅಪ್ಪನೂ ಎಕ್ಸ್‌ಪೋರ್ಟಾ?”

ಆ ಮನೆಯಲ್ಲಿ ಸಂಬಂಧ ಎಂದರೆ ಮದುವೆ ಸಂಬಂಧ ಒಂದೇ. ಅಂಥದ್ದೇನಿಲ್ಲ ಎಂದೆ. ಹಾಗಾದ್ರೆ ಯಾವ ಸಂಬಂಧ ಎಂದರು. ಹೇಳುವಂತಿಲ್ಲ ಎಂದೆ. ನಾಚಿಕೆಪಡುತ್ತಿದ್ದೇನೆಂದು ನಕ್ಕು ನನ್ನ ತಟ್ಟೆಗೆ ಇನ್ನೊಂದು ಒಬ್ಬಟ್ಟು ಹಾಕಿದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಮದುವೆಯ ಸುದ್ದಿ ಕಾಲಿಲ್ಲದೆ ಓಡಿತು. ವಾರದೊಳಗೆ ಆ ಹಳೆಯ ಗಿರಾಕಿ ನನ್ನನ್ನು ಕೂರಿಸಿಕೊಂಡು ತಮಿಳಿನಲ್ಲಿ ಕೇಳಿದರು: “ಏನುಂಗ, ಎಕ್ಸ್‌ಪೋರ್ಟರ್ ಮನೆಗೆ ಅಳಿಯ ಆಗ್ತಿದ್ದೀರಂತೆ. ನಿಮ್ಮ ಮಾವ ನಮ್ಮ ಬೈಯರ್‌ಗೆ ಬೆಲೆ ಹಾಕ್ತಿದ್ದಾರಾ?”

ಮಾವನೇ ಇಲ್ಲ ಎಂದೆ. ಮತ್ತೆ ಈ ಮಾತು ಎಲ್ಲಿಂದ ಹುಟ್ಟಿತು ಎಂದರು. ಅದಕ್ಕೆ ಉತ್ತರ ಕೊಟ್ಟರೆ ಅಕ್ಕ ಯಾಕೆ ನನ್ನನ್ನು ಕರೆಸಿದರೆಂದು ಹೇಳಬೇಕಾಗುತ್ತಿತ್ತು. ಯಾರ ಗುಟ್ಟು ಕಾಯಲು ಒಂದು ಕೆಲಸ ಬಿಟ್ಟೆನೋ ಅವರೇ ನನ್ನನ್ನು ಸಂಶಯದಿಂದ ನೋಡುತ್ತಿದ್ದರು. ಸಿಟ್ಟು ಬಂತು, ಆದರೆ ಯಾರ ಮೇಲೆಂದು ಗೊತ್ತಾಗಲಿಲ್ಲ. ಇನ್ನು ನಮ್ಮ ಲೆಕ್ಕ ನಾವೇ ನೋಡಿಕೊಳ್ಳುತ್ತೇವೆ ಎಂದು ಅವರು ಮರ್ಯಾದೆಯಾಗಿಯೇ ಹೇಳಿ ಕಳಿಸಿದರು.

ಮುಂದಿನ ವಾರ ಧಾರಾಪುರಂ ಬಸ್ಸಿನಲ್ಲಿ ಅಕ್ಕ ಸಿಕ್ಕಿದರು. ಅವರೇ ಹಾಕಿ ಕಳಿಸಿದ್ದ ಬೆಲೆ ನೋಡಿ, ಕತ್ತರಿಸುವಾಗ ಹಾಳಾಗುವ ಬಟ್ಟೆಯ ವೇಸ್ಟೇಜ್ ಯಾವುದರಲ್ಲಿ ಸೇರಿಸಿದ್ದೀರಿ ಎಂದು ಬೈಯರ್ ಕೇಳಿದ್ದನಂತೆ. ಸೇರಿಸಿಯೇ ಇರಲಿಲ್ಲ. ತಿದ್ದಿ ಕಳಿಸಲು ಶುಕ್ರವಾರದ ತನಕ ಸಮಯವಿತ್ತು.

“ಮದ್ವೆ ಯಾವಾಗ ತಂಬಿ?” ಎಂದರು.

“ಆ ಸಂಬಂಧ ಮುರಿದುಹೋಯ್ತು ಅಕ್ಕ,” ಎಂದೆ. ಬಿಡಿಸಿ ಹೇಳುವ ಶಕ್ತಿ ಉಳಿದಿರಲಿಲ್ಲ.

ಅಯ್ಯೋ ಎಂದು ನನ್ನ ಕೈ ಹಿಡಿದುಕೊಂಡರು. ಆ ಮರುಕ ನಿಜವಾದದ್ದು. ಆಮೇಲೆ ಮೆಲ್ಲಗೆ, “ಅಂಗಾದ್ರೆ ಈಗ ನಮ್ ಕೊಟೇಶನ್ ಒಂದ್ಸಲ ನೋಡ್ಬೋದಲ್ಲ?” ಎಂದರು.

ಕೆಲಸ ಹೋಗಿತ್ತು, ಆದರೆ ಹಳೆಯವರ ಬೆಲೆ ನನ್ನ ತಲೆಯೊಳಗೇ ಇತ್ತು. ಅಕ್ಕನ ಹಾಳೆಯ ಮೇಲೆ ಪೆನ್ನಿಟ್ಟರೆ ಅದು ನನಗೆ ತಿಳಿಯದಂತೆಯೇ ಅಲ್ಲಿ ಇಳಿಯುತ್ತದೆ.

“ಆಗಲ್ಲ ಅಕ್ಕ,” ಎಂದೆ.

“ಮುರಿದ ಮೇಲೂನಾ?”

ಹೂಂ ಎಂದೆ. ಅವರು ನನ್ನ ಕೈ ಬಿಟ್ಟು ಸೆರಗು ಸರಿಮಾಡಿಕೊಂಡರು.