ಫೋನಿನ ಮೂಲಕ ತೋರಿಸಿದ ಚಿತ್ರ

ರಾಜಾಜಿನಗರದ ಒಂದು ಸಣ್ಣ ಸ್ಟುಡಿಯೋದಲ್ಲಿ ನಾನು ಜಾಹೀರಾತಿನ ಫೋಟೊ ತೆಗೆಯುತ್ತಿದ್ದೆ. ಪ್ರತಿ ಚಿತ್ರವನ್ನೂ ನೋಡಿ ಒಪ್ಪಬೇಕಾದವರು ನಮ್ಮ ಮೇಡಂ. ಅವರಿಗೆ ಕಣ್ಣಿನ ಆಪರೇಷನ್ ಆಗಿ, ವಿಜಯನಗರದ ಮನೆಯಲ್ಲಿ ಪಟ್ಟಿ ಕಟ್ಟಿಕೊಂಡು ಮಲಗಿದ್ದರು. ಅದೇ ವಾರ ಹೊಸ ಮೊಬೈಲೊಂದರ ಹೀರೋ ಇಮೇಜ್, ಅಂದರೆ ವೆಬ್‌ಸೈಟ್ ತೆರೆದೊಡನೆ ಕಾಣುವ ದೊಡ್ಡ ಚಿತ್ರ, ಮೊಬೈಲ್ ಕಂಪನಿಗೆ ಕಳಿಸಬೇಕಿತ್ತು.

"ನೋಡೋಕಾಗಲ್ಲ, ನೀನೇ ಹೇಳಮ್ಮ, ಕೇಳ್ತೀನಿ" ಎಂದರು ಫೋನಿನಲ್ಲಿ.

ನಾನು ಹೇಳತೊಡಗಿದೆ. "ಕಪ್ಪು ಅಕ್ರಿಲಿಕ್ ಹಾಳೆ ಮೇಲೆ ಫೋನ್ ನಿಂತಿದೆ ಮೇಡಂ. ಹಿಂದಿನಿಂದ ಲೈಟ್ ಕೊಟ್ಟಿದೀನಿ, ಅಂಚು ಬೆಳ್ಳಿ ಗೆರೆ ಥರ ತೆಳ್ಳಗೆ ಕಾಣ್ತಿದೆ. ಸ್ಕ್ರೀನ್ ನೀಲಿಯಾಗಿ ಹೊಳೀತಿದೆ. ಕೆಳಗೆ ಪ್ರತಿಬಿಂಬ ಕ್ಲೀನಾಗಿದೆ, ಒಂದು ಚೂರೂ ಧೂಳಿಲ್ಲ."

"ಪ್ರತಿಬಿಂಬದ ಸ್ಕ್ರೀನ್ ಯಾವ ಬಣ್ಣ?"

ಮತ್ತೆ ನೋಡಿದೆ. ಅದು ಕಪ್ಪಾಗಿತ್ತು. ಫೋನ್ ಆಫ್ ಮಾಡಿ ಫೋಟೊ ತೆಗೆದು, ಸ್ಕ್ರೀನಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ಆಮೇಲೆ ಕೂರಿಸಿದ್ದೆ. ಎರಡು ದಿನ ಅದನ್ನೇ ದಿಟ್ಟಿಸಿದ್ದರೂ ನನಗೆ ಕಂಡಿರಲಿಲ್ಲ.

"ಕಪ್ಪು, ಮೇಡಂ" ಎಂದೆ. ಅವರು ನಕ್ಕುಬಿಟ್ಟರು, ನನಗೂ ನಗು ಬಂತು.

ಸ್ಕ್ರೀನಿನ ಚಿತ್ರವನ್ನು ತಲೆಕೆಳಗು ಮಾಡಿ ಪ್ರತಿಬಿಂಬಕ್ಕೂ ಕೂರಿಸಿದೆ. ಕೆಳಗಿಳಿದಂತೆ ಮಸುಕಾಗಿಸಿ, ಫೋನಿನ ಬುಡದಲ್ಲಿ ತುಸು ನೀಲಿ ಹರಡಿದೆ. ಅದನ್ನೂ ಹೇಳಿದೆ.

"ಹಾಂ, ಈಗ ಕಾಣ್ತಿದೆ. ಕಳಿಸು" ಎಂದರು.

ಪಟ್ಟಿ ಬಿಚ್ಚಿದ ಮೇಲೂ ಮೇಡಂ ಚಿತ್ರವನ್ನು ನೋಡುವ ಮೊದಲು ನನ್ನಿಂದ ಹೇಳಿಸುತ್ತಿದ್ದರು.