ಹೆಚ್ಚಿನ ನಾಲ್ಕು ಉಸಿರು

ಆ ಐಸಿಯುನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಣಿಕೆಯಮ್ಮ ಅಂದರೆ ಸಾಕು, ನೆಲ ಒರೆಸುವವಳಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರಿಗೂ ಗೊತ್ತು. ಇಪ್ಪತ್ತಾರು ವರ್ಷದ ನರ್ಸ್ ಕೆಲಸ ಅವಳಿಗೆ ಅಂಟಿಸಿದ ಚಾಳಿ ಅದು. ಮನುಷ್ಯ ಕಣ್ಣಿಗೆ ಬಿದ್ದರೆ ಅವನ ಉಸಿರು ಎಣಿಸಿಬಿಡುವುದು. ಬಸ್ಸಿನಲ್ಲಿ ಪಕ್ಕ ಕೂತವನದು, ಸಾಲಿನಲ್ಲಿ ಮುಂದೆ ನಿಂತವಳದು, ಊಟವಾದ ಮೇಲೆ ಕುರ್ಚಿಯಲ್ಲೇ ತೂಕಡಿಸುವ ಗಂಡನದು. ಸತ್ತಿದ್ದೀನೋ ಬದುಕಿದ್ದೀನೋ ಅಂತ ದಿನಾ ಖಾತ್ರಿ ಮಾಡಿಕೊಳ್ಳುವ ಹೆಂಡತಿ ಲೋಕದಲ್ಲಿ ಇವಳೊಬ್ಬಳೇ ಅಂತ ಆ ಪುಣ್ಯಾತ್ಮ ಕಂಡಕಂಡವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ.

ಅವಳು ಕೆಲಸಕ್ಕೆ ಸೇರಿದಾಗ ವಾರ್ಡಿಗೊಂದು ಮಾನಿಟರ್ ಇದ್ದರೆ ಹೆಚ್ಚು. ಎದೆಗೆ ಸಿಕ್ಕಿಸಿಕೊಂಡ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಬೇಕಿತ್ತು. ಈಗಿನ ಹುಡುಗಿಯರು ಪರದೆಯ ಮೇಲಿನ ಅಂಕಿ ನೋಡಿ ಬರೆದುಕೊಂಡು ಮುಂದೆ ಹೋಗುತ್ತಾರೆ. ಅದು ಅವಳಿಗೆ ಕಂಡರಾಗದು. ಯಂತ್ರ ಸುಳ್ಳು ಹೇಳಬಹುದು, ಎದೆ ಸುಳ್ಳು ಹೇಳುವುದಿಲ್ಲ ಅನ್ನುವುದು ಅವಳ ನಂಬಿಕೆ. ಹೊಸಬರಿಗೆ ಅದನ್ನೇ ಪಾಠ ಮಾಡುತ್ತಿದ್ದಳು. ಆ ನಂಬಿಕೆಯೇ ಅವಳಿಗೆ ಕೈಕೊಟ್ಟ ಕಥೆ ಇದು.

ಆ ವಾರ ಮೂರನೇ ಹಾಸಿಗೆಗೆ ಬಂದವನು ಕಿಟಕಿಗಳಿಗೆ ಗಾಜು ಕೂರಿಸುವ ಕೆಲಸದವನು. ಮೂವತ್ತನಾಲ್ಕು ವರ್ಷ. ಕೆಲಸ ಮಾಡುತ್ತ ಮಾಡುತ್ತ ತಲೆನೋವು ಅಂತ ಕೂತವನು ಮತ್ತೆ ಏಳಲಿಲ್ಲ. ಮೆದುಳಿನೊಳಗೆ ರಕ್ತನಾಳವೊಂದು ಒಡೆದಿತ್ತು. ಬಂದ ದಿನ ಅವನು ಆಳವಾದ ಕೋಮಾದಲ್ಲಿದ್ದ. ಕರೆದರೆ ಓಗೊಡುವಂತಿರಲಿಲ್ಲ, ಚಿವುಟಿದರೂ ಕಣ್ಣು ಬಿಡುತ್ತಿರಲಿಲ್ಲ. ಆದರೂ ಕಣ್ಣಿಗೆ ಬೆಳಕು ಬಿಟ್ಟರೆ ಪಾಪೆ ನಿಧಾನವಾಗಿ ಕಿರಿದಾಗುತ್ತಿತ್ತು. ಕಫ ತೆಗೆಯಲು ಗಂಟಲ ಕೊಳವೆಯೊಳಗೆ ಸಣ್ಣ ನಳಿಗೆ ಇಳಿಸಿದರೆ ಕೆಮ್ಮುತ್ತಿದ್ದ. ಕೋಮಾ ಎಷ್ಟೇ ಆಳವಾಗಿರಲಿ, ತಲೆಯ ಬುಡದಲ್ಲಿ ಇನ್ನೂ ಯಾರೋ ಕಾವಲಿದ್ದಾರೆ ಅನ್ನುವುದಕ್ಕೆ ಇವೇ ಗುರುತು. ಹಿಂದೊಮ್ಮೆ ಬಡಗಿಯೊಬ್ಬನ ಹೆಂಡತಿ ಹನ್ನೊಂದು ದಿನ ಹೀಗೇ ಮಲಗಿ, ಹನ್ನೆರಡನೇ ದಿನ ಕಣ್ಣು ಬಿಟ್ಟು ನೀರು ಕೇಳಿದ್ದಳು. ಎಣಿಕೆಯಮ್ಮ ಅದನ್ನು ಮರೆತಿರಲಿಲ್ಲ.

ಅವನ ತಾಯಿ ಬಟ್ಟೆ ಹೊಲಿಯುವವಳು. ಗಂಡ ಹೋದ ಮೇಲೆ ಒಂದು ಹೊಲಿಗೆ ಮಿಷನ್ ನಂಬಿಕೊಂಡು ಈ ಒಬ್ಬ ಮಗನನ್ನು ಬೆಳೆಸಿದವಳು. ಐಸಿಯು ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತು ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಅಳುವವರನ್ನು ಸಮಾಧಾನ ಮಾಡಬಹುದು, ಜಗಳ ಆಡುವವರನ್ನು ಗದರಬಹುದು. ಸುಮ್ಮನೆ ಕೂತವರನ್ನು ಕಂಡರೆ ಮಾತ್ರ ಎಣಿಕೆಯಮ್ಮನಿಗೆ ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ತಾಯಿಯನ್ನು ಒಳಗೆ ಬಿಟ್ಟಿದ್ದರು. ಅವನಿಗೆ ಹಾಕಿದ್ದ ವೆಂಟಿಲೇಟರಿಗೆ ನಿಮಿಷಕ್ಕೆ ಹದಿನಾಲ್ಕು ಉಸಿರು ಕೊಡು ಅಂತ ಹೇಳಿಟ್ಟಿತ್ತು. ಎಣಿಕೆಯಮ್ಮ ತನ್ನ ಗಡಿಯಾರ ಹಿಡಿದು ಎದೆ ನೋಡಿದಳು. ಹದಿನೆಂಟು. ಮತ್ತೊಮ್ಮೆ ಎಣಿಸಿದಳು, ಹದಿನೆಂಟೇ. ಅವಳಿಗೆ ಸಂತೋಷ ತಡೆಯಲಾಗಲಿಲ್ಲ.

"ಅಮ್ಮ, ಮಿಷನ್ ಕೊಡ್ತಿರೋದು ಹದಿನಾಲ್ಕು. ಮೇಲಿನ ನಾಲ್ಕು ನಿಮ್ಮ ಮಗ ತಾನೇ ಎಳ್ಕೊಳ್ತಿದ್ದಾನೆ" ಅಂದಳು.

ಡಾಕ್ಟರ್ ಹೇಳುವ ಮೊದಲು ಮನೆಯವರಿಗೆ ಇಂಥ ಮಾತು ಹೇಳಬಾರದು ಅನ್ನುವುದು ಅಲ್ಲಿನ ಕಟ್ಟುನಿಟ್ಟು. ಅದನ್ನು ಬೇರೆಯವರಿಗೆ ಕಲಿಸುತ್ತಿದ್ದವಳೇ ಅವಳು. ಇನ್ನೂ ಒಂದು ವಿಷಯವಿತ್ತು. ಅಂದು ಮುಂಜಾನೆ ಕಫ ತೆಗೆಯುವಾಗ ಅವನು ಕೆಮ್ಮಿರಲಿಲ್ಲ. ಅದನ್ನು ಅವಳೇ ಹಾಳೆಯಲ್ಲಿ ಬರೆದಿದ್ದಳು, ಕೊಡುತ್ತಿರುವ ನಿದ್ದೆಯ ಔಷಧಿಯ ಮಂಪರು ಇರಬೇಕು ಅಂತ ತನಗೆ ತಾನೇ ಸಮಜಾಯಿಷಿ ಹೇಳಿಕೊಂಡಿದ್ದಳು. ಬೇಕಾದ್ದನ್ನು ನಂಬುವುದಕ್ಕೆ ಮನಸ್ಸು ನೆಪ ಹುಡುಕುತ್ತದೆ, ಕಲಿತವರ ಮನಸ್ಸೂ ಅಷ್ಟೇ.

ತಾಯಿ ಮುಖ ಅರಳಿತು. ಎರಡು ದಿನದ ಮೇಲೆ ಅಂದು ಹೊಟ್ಟೆಗೆ ಏನೋ ಹಾಕಿಕೊಂಡಳು. ಸಂಜೆ ಬಂದು, ಅವನು ಎದ್ದ ಮೇಲೆ ತೊಡಲು ಅಂಗಿ ಹೊಲಿಯುತ್ತೇನೆ, ಕೈಯಲ್ಲಿ ಸೂಜಿ ಕೊಳವೆ ಎಲ್ಲ ಇರುವಾಗ ಹೇಗಿರಬೇಕು ಅಂತ ಕೇಳಿದಳು. ತೋಳು ಅಗಲ ಇಡಿ, ಪಕ್ಕದಲ್ಲಿ ಹೊಲಿಗೆ ಬೇಡ, ಲಾಡಿ ಕಟ್ಟಿ ಅಂತ ಎಣಿಕೆಯಮ್ಮ ತನ್ನ ಮೈ ಮೇಲೇ ಅಳತೆ ತೋರಿಸಿ ಹೇಳಿಕೊಟ್ಟಳು. ಮೆದುಳಿನ ಡಾಕ್ಟರ್ ಬುಧವಾರ ತಾಯಿಯನ್ನು ಕೂರಿಸಿಕೊಂಡು, ಪರಿಸ್ಥಿತಿ ಕೆಟ್ಟಿದೆ, ಪಾಪೆಗಳು ಹಿಗ್ಗಿ ನಿಂತಿವೆ, ನಿದ್ದೆಯ ಔಷಧಿ ನಿಲ್ಲಿಸಿದ್ದೇವೆ, ಅದು ಮೈಯಿಂದ ಪೂರ್ತಿ ಇಳಿದ ಮೇಲೆ ಪರೀಕ್ಷೆ ಮಾಡುತ್ತೇವೆ ಅಂದರು. ಅವಳು ತಲೆಯಾಡಿಸಿ ಎದ್ದು ಹೋದಳು. ಅವಳಿಗೆ ಆ ನಾಲ್ಕು ಸಾಕಾಗಿತ್ತು. ಮುಳುಗುವವರಿಗೆ ಹುಲ್ಲುಕಡ್ಡಿ ಆಸರೆ ಅನ್ನುತ್ತಾರೆ, ಆ ಕಡ್ಡಿ ಕೊಟ್ಟವಳು ಎಣಿಕೆಯಮ್ಮ.

ಗುರುವಾರ ಬೆಳಿಗ್ಗೆ ಮೊದಲನೇ ಪರೀಕ್ಷೆ. ವೆಂಟಿಲೇಟರ್ ನೋಡಿಕೊಳ್ಳುವ ಟೆಕ್ನಿಷಿಯನ್ ಮೊದಲು ಬಂದ. ಪರದೆಯ ಗೆರೆಗಳನ್ನು ಒಂದು ಗಳಿಗೆ ನೋಡಿ ತುಟಿ ಕಚ್ಚಿದ. ರೋಗಿ ಉಸಿರು ಎಳೆಯಲು ನೋಡುತ್ತಾನಾ ಅಂತ ಕಾಯುವ ಯಂತ್ರದ ಸೂಕ್ಷ್ಮತೆಯನ್ನು ತೀರಾ ಚುರುಕಾಗಿ ಇಟ್ಟುಬಿಟ್ಟಿದ್ದಾರೆ, ಎದೆಯೊಳಗೆ ಗುಂಡಿಗೆ ಬಡಿದು ಗಾಳಿ ಚೂರು ಅಲುಗಿದರೂ ಯಂತ್ರ ಅದನ್ನೇ ಉಸಿರು ಅಂದುಕೊಂಡು ಗಾಳಿ ತಳ್ಳುತ್ತಿದೆ ಅಂದ. ಒಂದು ಗುಂಡಿ ತಿರುಗಿಸಿದ. ಹದಿನೆಂಟು ಇದ್ದದ್ದು ಹದಿನಾಲ್ಕಕ್ಕೆ ಇಳಿದು ಅಲ್ಲೇ ನಿಂತಿತು.

ಎಣಿಕೆಯಮ್ಮ ಗಡಿಯಾರ ಹಿಡಿದು ಎಣಿಸಿದಳು. ಹದಿನಾಲ್ಕು. ಮತ್ತೊಮ್ಮೆ ಎಣಿಸಿದಳು, ಹದಿನಾಲ್ಕೇ. ಎದೆ ಎಷ್ಟು ಸಲ ಏಳುತ್ತದೆ ಅನ್ನುವುದನ್ನು ಎಣಿಸಬಹುದು, ಏಳಿಸಿದವರು ಯಾರು ಅನ್ನುವುದನ್ನು ಎಣಿಸಲು ಬರುವುದಿಲ್ಲ. ಇಪ್ಪತ್ತಾರು ವರ್ಷದಲ್ಲಿ ಈ ಮಾತು ಅವಳಿಗೆ ಹೊಳೆದೇ ಇರಲಿಲ್ಲ.

ಡಾಕ್ಟರು ಒಂದೊಂದಾಗಿ ನೋಡಿದರು. ಕಣ್ಣಿಗೆ ಬೆಳಕು ಬಿಟ್ಟರು, ಪಾಪೆ ಅಲುಗಲಿಲ್ಲ. ಕಪ್ಪುಗುಡ್ಡೆಗೆ ಹತ್ತಿಯ ಎಳೆ ತಾಗಿಸಿದರು, ರೆಪ್ಪೆ ಮಿಟುಕಲಿಲ್ಲ. ಹುಬ್ಬಿನ ಮೂಳೆ ಒತ್ತಿದರು, ಮುಖ ಕಿವುಚಲಿಲ್ಲ. ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿದರೆ ಎದುರು ದಿಕ್ಕಿಗೆ ಹೊರಳಬೇಕಾದ ಕಣ್ಣು ತಲೆಯ ಜೊತೆಗೇ ತಿರುಗಿತು. ಕಿವಿಯೊಳಗೆ ಮಂಜುಗಡ್ಡೆಯ ನೀರು ಬಿಟ್ಟು ಒಂದು ನಿಮಿಷ ಕಾದರು, ಐದು ನಿಮಿಷ ಬಿಟ್ಟು ಇನ್ನೊಂದು ಕಿವಿಗೂ ಬಿಟ್ಟರು. ತಣ್ಣೀರಿನ ಕಡೆ ವಾಲಬೇಕಾದ ಕಣ್ಣು ಇದ್ದಲ್ಲೇ ಇತ್ತು. ಗಂಟಲು ಕೆದಕಿದರೆ ಓಕರಿಕೆ ಇಲ್ಲ, ಶ್ವಾಸನಾಳಕ್ಕೆ ನಳಿಗೆ ಇಳಿಸಿದರೆ ಕೆಮ್ಮಿಲ್ಲ. ಕಡೆಗೆ ವೆಂಟಿಲೇಟರ್ ಬಿಡಿಸಿ ನೋಡುವ ಪರೀಕ್ಷೆ. ಉಸಿರಿಲ್ಲ. ಆರು ಗಂಟೆ ಬಿಟ್ಟು ಇದೆಲ್ಲವನ್ನೂ ಇನ್ನೊಮ್ಮೆ ಮಾಡಬೇಕು, ಅದೂ ಹೀಗೇ ಬಂದರೆ ಸಾವು ಅಂತ ಬರೆಯಬೇಕು.

ತಾಯಿಗೆ ಹೇಳಿದಾಗ ಅವಳು ಮೊದಲ ಬಾರಿ ದನಿ ಎತ್ತಿದಳು. ಮೈ ಬೆಚ್ಚಗಿದೆ, ಗುಂಡಿಗೆ ಹೊಡೆದುಕೊಳ್ಳುತ್ತಿದೆ, ಎದೆ ಏರಿಳಿಯುತ್ತಿದೆ, ಇಂಥವನನ್ನು ಸತ್ತ ಅನ್ನಲು ನಿಮಗೆ ಬಾಯಿ ಹೇಗೆ ಬರುತ್ತದೆ ಅಂತ ಕೇಳಿದಳು. ಗುಂಡಿಗೆಗೆ ತನ್ನದೇ ಬಡಿತವಿದೆ, ವೆಂಟಿಲೇಟರ್ ಆಮ್ಲಜನಕ ಕೊಡುವವರೆಗೆ ಒಂದಷ್ಟು ಕಾಲ ಅದು ಬಡಿಯುತ್ತದೆ, ಉಸಿರು ಎಳೆ ಅಂತ ಹೇಳುವ ಮೆದುಳು ಮಾತ್ರ ಇಲ್ಲ ಅಂತ ಡಾಕ್ಟರ್ ವಿವರಿಸಿದರು. ಕೋಮಾದವರು ಏಳಬಹುದು, ಇದು ಕೋಮಾ ಅಲ್ಲ ಅಂದರು. ಅವಳು ಅವರ ಕಡೆ ನೋಡಲೇ ಇಲ್ಲ. ಎಣಿಕೆಯಮ್ಮನ ಕಡೆ ತಿರುಗಿದಳು.

"ನೀವೇ ಹೇಳಿ ಸಿಸ್ಟರ್. ಇವರಿಗೆ ಆ ನಾಲ್ಕು ಉಸಿರು ಗೊತ್ತಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಡಾಕ್ಟರ್ ಎಣಿಕೆಯಮ್ಮನ ಕಡೆ ನೋಡಿದ ನೋಟದಲ್ಲಿ ಕೋಪಕ್ಕಿಂತ ಬೇಸರವಿತ್ತು, ಅದೇ ಹೆಚ್ಚು ಚುಚ್ಚಿತು. ತಾಯಿ ಹೊರಗೆ ಹೋದ ಮೇಲೆ, ಎರಡನೇ ಪರೀಕ್ಷೆಗೆ ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳೋಣ ಅಂತ ಅವಳು ಡಾಕ್ಟರನ್ನು ಕೇಳಿಕೊಂಡಳು. ನನ್ನ ಬಾಯಿಂದ ಹೋದದ್ದು ನನ್ನ ಕಣ್ಣೆದುರಿಗೇ ವಾಪಸ್ಸು ಬರಲಿ ಅಂದಳು. ಡಾಕ್ಟರ್ ಸ್ವಲ್ಪ ಯೋಚಿಸಿ, ತಾಯಿ ಒಪ್ಪಿದರೆ ಸರಿ ಅಂದರು.

ಮಧ್ಯಾಹ್ನ ಮೂರೂವರೆಗೆ ತಾಯಿ ಬಂದು ಹಾಸಿಗೆ ಪಕ್ಕ ನಿಂತಳು. ಕೈಯಲ್ಲಿ ಮಡಿಸಿದ ಅಂಗಿ ಇತ್ತು, ತಿಳಿನೀಲಿ, ಪಕ್ಕಕ್ಕೆ ಲಾಡಿ. ಬೆಳಕು, ಹತ್ತಿ, ತಣ್ಣೀರು, ನಳಿಗೆ ಎಲ್ಲವನ್ನೂ ಕಣ್ಣು ಕೀಳದೆ ನೋಡಿದಳು. ಆಮೇಲೆ ಸ್ವಲ್ಪ ಹೊತ್ತು ಪೂರ್ತಿ ಆಮ್ಲಜನಕ ಕೊಟ್ಟು ವೆಂಟಿಲೇಟರ್ ಬಿಡಿಸಿದರು. ಕೊಳವೆಯೊಳಗೆ ಸಣ್ಣ ನಳಿಗೆಯಿಂದ ಆಮ್ಲಜನಕ ಹರಿಯುತ್ತಲೇ ಇತ್ತು, ಆದ್ದರಿಂದ ಗುಂಡಿಗೆ ನಿಲ್ಲಲಿಲ್ಲ. ಯಂತ್ರದ ಸದ್ದು ಮಾತ್ರ ನಿಂತಿತು. ಉಸಿರಾಡದಿದ್ದರೆ ರಕ್ತದಲ್ಲಿ ಇಂಗಾಲದ ಗಾಳಿ ಏರುತ್ತದೆ, ಅದು ಏರಿದಾಗ ಒಂದಿಷ್ಟು ಜೀವವಿದ್ದ ಮೆದುಳೂ ಉಸಿರೆಳೆಯದೆ ಇರಲಾರದು ಅಂತ ಎಣಿಕೆಯಮ್ಮ ಪಿಸುದನಿಯಲ್ಲಿ ಹೇಳಿದಳು.

"ಎಣಿಸೋಣ ಅಮ್ಮ. ಒಂದು ಬಂದ್ರೂ ನಾನೇ ಕೂಗಿ ಹೇಳ್ತೀನಿ."

ಇಬ್ಬರೂ ಬರಿ ಎದೆಯ ಮೇಲೆ ಕಣ್ಣಿಟ್ಟು ನಿಂತರು. ಒಂದು ನಿಮಿಷ ಆಯಿತು, ಮೂರಾಯಿತು. ಎಣಿಕೆಯಮ್ಮ ಹುಟ್ಟಿದ ಮೇಲೆ ಯಾವ ಉಸಿರಿಗಾಗಿಯೂ ಇಷ್ಟು ಬೇಡಿಕೊಂಡಿರಲಿಲ್ಲ. ತಾಯಿಗೇ ಗೊತ್ತಿಲ್ಲದೆ ಅವಳ ಸ್ವಂತ ಉಸಿರು ಬಿಗಿದುಕೊಂಡಿತ್ತು. ಎಣಿಕೆಯಮ್ಮ ಅವಳ ಬೆನ್ನು ಮುಟ್ಟಿ, ಉಸಿರಾಡಿ ಅಮ್ಮ ಅಂದಳು. ಎಂಟು ನಿಮಿಷ, ಹತ್ತು. ಎದೆ ಕಂಬಳಿಯಂತೆ ಬಿದ್ದೇ ಇತ್ತು. ರಕ್ತ ತೆಗೆದುಕೊಂಡು ವೆಂಟಿಲೇಟರ್ ಮತ್ತೆ ಜೋಡಿಸಿದರು, ಎದೆ ಮತ್ತೆ ಏಳತೊಡಗಿತು. ವರದಿ ಬಂದಾಗ ಇಂಗಾಲದ ಗಾಳಿ ಮಿತಿ ದಾಟಿ ಬಹಳ ಮೇಲೇರಿತ್ತು. ಡಾಕ್ಟರ್ ಗಡಿಯಾರ ನೋಡಿ ವೇಳೆ ಬರೆದರು.

ತಾಯಿ ಏಳುತ್ತಿದ್ದ ಎದೆಯನ್ನು ನೋಡುತ್ತಲೇ ಇದ್ದಳು.

"ದಾರ ತುಂಡಾದ್ರೂ ಮಿಷನ್ ಓಡ್ತಾನೇ ಇರುತ್ತೆ. ಬಟ್ಟೆ ಮುಂದಕ್ಕೆ ಹೋಗುತ್ತೆ. ತೆಗೆದು ನೋಡಿದ್ರೇನೇ ಹೊಲಿಗೆ ಬಿದ್ದಿಲ್ಲ ಅಂತ ಗೊತ್ತಾಗೋದು" ಅಂದಳು. ಮಗನ ಎದೆ ಮೇಲೆ ಕೈಯಿಟ್ಟು ಕೇಳಿದಳು: "ಹಾಗಾದ್ರೆ ಆ ನಾಲ್ಕು ಯಾರದು?"

"ಮಿಷನ್‌ದೇ ಅಮ್ಮ. ನಾನು ತಪ್ಪು ತಿಳ್ಕೊಂಡೆ. ಅದಕ್ಕೂ ಮುಂಚೆ, ಹೇಳಬಾರದ್ದನ್ನ ಹೇಳಿದೆ."

ಬೈಯಲಿ, ಹೊಡೆಯಲಿ ಅಂತ ಎಣಿಕೆಯಮ್ಮ ಕಾದಳು. ತಾಯಿ ಅಂಗಿಯ ಮಡಿಕೆ ಬಿಚ್ಚಿದಳು. ತೋಳು ಹಿಡಿ ಅಂತ ಸನ್ನೆ ಮಾಡಿದಳು. ಇಬ್ಬರೂ ಸೇರಿ ಕೊಳವೆಗಳನ್ನು ತಪ್ಪಿಸಿ ಅವನಿಗೆ ಅಂಗಿ ತೊಡಿಸಿದರು. ಹೇಳಿಕೊಟ್ಟ ಅಳತೆ ಒಂದು ಚೂರೂ ತಪ್ಪಿರಲಿಲ್ಲ. ಎಣಿಕೆಯಮ್ಮ ಪಕ್ಕದ ಲಾಡಿಗಳನ್ನು ಕಟ್ಟುತ್ತಿದ್ದಾಗ ತಾಯಿ ಮಗನ ಕಾಲರ್ ಸರಿಮಾಡಿದಳು.

"ನೀನು ಬೇಕಂತ ಮಾಡಿಲ್ಲ ತಂಗಿ, ಗೊತ್ತು" ಅಂದಳು. "ಆದ್ರೆ ಈ ಎರಡು ದಿನ ನಾನು ಅವನ ಪಕ್ಕ ಕೂತು ಅಳಬೇಕಿತ್ತು. ಮನೇಲಿ ಕೂತು ಅಂಗಿ ಹೊಲಿದೆ."